ವಾರದ ಬಾಕಿ ಮೇಲ್: ಒಟ್ಟು ಎಷ್ಟು ಅನ್ನುವುದಕ್ಕಿಂತ ಯಾವುದು ಹಳೆಯದಾಯಿತು ಅನ್ನುವುದು ಮುಖ್ಯ

ಪ್ರಶ್ನೆ: ಕಾರವಾರದಲ್ಲಿ ಎಲೆಕ್ಟ್ರಿಕಲ್, ಪೈಪು, ಸೇಫ್ಟಿ ಸಾಮಾನು ತರಿಸಿ ಸಪ್ಲೈ ಮಾಡುವ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕಂಟ್ರಾಕ್ಟರುಗಳು, ಗೋಕರ್ಣ ಕಡೆಯ ಹೋಟೆಲಿನವರು, ಐಸ್ ಪ್ಲಾಂಟಿನವರು, ಒಂದೆರಡು ಸರ್ಕಾರಿ ಕಚೇರಿ ನಮ್ಮ ಪಾರ್ಟಿಗಳು. ಪ್ರತಿ ಸೋಮವಾರ ಹುಬ್ಬಳ್ಳಿಯಲ್ಲಿರುವ ಫೈನಾನ್ಸ್ ಹೆಡ್‌ಗೆ ಬಾಕಿ ಬಿಲ್ಲುಗಳನ್ನು 30-60-90 ದಿನ ಅಂತ ವಿಂಗಡಿಸಿ ಮೇಲ್ ಮಾಡುತ್ತೇನೆ. ಮೊನ್ನೆ ಸರ್ ಫೋನ್ ಮಾಡಿ "ಇದನ್ನು ನೋಡಿ ನಾನೇನು ಮಾಡಬೇಕು?" ಅಂದರು. ಮೇಲ್ ಹೇಗೆ ಬರೆಯಬೇಕು? ಯಾರ ಹಿಂದೆ ಮೊದಲು ಬೀಳಬೇಕು?

ಉತ್ತರ: ನಿಮ್ಮ ಸರ್ ಕೇಳಿದ್ದರಲ್ಲಿ ತಪ್ಪಿಲ್ಲ. ಪಟ್ಟಿ ಬೇಕಿದ್ದರೆ ಅವರೇ ಟ್ಯಾಲಿ ತೆರೆದು ನೋಡಿಕೊಳ್ಳುತ್ತಾರೆ. ಅವರಿಗೆ ನಿಮ್ಮಿಂದ ಬೇಕಾಗಿರುವುದು ಎರಡು ವಿಷಯ. ಹೋದ ವಾರಕ್ಕೂ ಈ ವಾರಕ್ಕೂ ಏನು ಬದಲಾಯಿತು, ಮತ್ತು ಅವರು ಹೂಂ ಅಥವಾ ಉಹೂಂ ಅನ್ನಬೇಕಾದ್ದು ಯಾವುದು. ಉಳಿದದ್ದೆಲ್ಲ ಅಟ್ಯಾಚ್‌ಮೆಂಟಿನಲ್ಲಿ ಇದ್ದರೆ ಸಾಕು.

ಆದರೆ ಬರೆಯುವುದಕ್ಕೆ ಮೊದಲು ಪಟ್ಟಿ ಸರಿ ಇದೆಯಾ ನೋಡಬೇಕು. ಬಹಳ ಕಡೆ ಹಾದಿ ತಪ್ಪುವುದು ಇಲ್ಲೇ. ಗುರುವಾರ ಒಂದು ಪಾರ್ಟಿ 60 ಸಾವಿರ ಎನ್‌ಇಎಫ್‌ಟಿ ಮಾಡಿರುತ್ತದೆ. ಯಾವ ಬಿಲ್ಲಿಗೆ ಅಂತ ಹೇಳಿರುವುದಿಲ್ಲ. ನೀವು ರಸೀದಿಯನ್ನು `On Account` ಅಂತ ಹಾಕಿ ಮುಂದೆ ಹೋಗಿರುತ್ತೀರಿ. ಲೆಡ್ಜರಿನ ಬಾಕಿ ಕಡಿಮೆಯಾಗುತ್ತದೆ, ಆದರೆ ಬಿಲ್ಲು ಹಾಗೇ ತೆರೆದಿರುತ್ತದೆ. ಸೋಮವಾರದ ಪಟ್ಟಿಯಲ್ಲಿ ಅದೇ ಬಿಲ್ಲು 75 ದಿನ ಹಳೆಯದು ಅಂತ ಬರುತ್ತದೆ. ನಿಮ್ಮ ಹುಡುಗ ಫೋನ್ ಮಾಡಿದರೆ ಆ ಕಡೆಯಿಂದ "ದುಡ್ಡು ಹಾಕಿ ನಾಲ್ಕು ದಿನ ಆಯ್ತಲ್ರಾ, ನೋಡ್ಕಂಡಿಲ್ವ?" ಅನ್ನುತ್ತಾರೆ. ಒಮ್ಮೆ ಹೀಗಾದರೆ ಆ ಪಾರ್ಟಿ ಮುಂದೆ ನಿಮ್ಮ ಯಾವ ಫೋನನ್ನೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ಶನಿವಾರ ಸಂಜೆ ಮೊದಲ ಕೆಲಸ, ಆನ್ ಅಕೌಂಟಿನಲ್ಲಿ ಕೂತಿರುವ ಒಂದೊಂದು ರಸೀದಿಯನ್ನೂ ಬಿಲ್ಲಿಗೆ `Agst Ref` ಮಾಡಿ ಹೊಂದಿಸುವುದು. ಯಾವ ಬಿಲ್ಲಿಗೆ ಅಂತ ಗೊತ್ತಾಗದಿದ್ದರೆ ಪಾರ್ಟಿಯ ಅಕೌಂಟೆಂಟಿಗೆ ಒಂದು ವಾಟ್ಸಾಪ್ ಹಾಕಿ ಕೇಳಿ. ಆಮೇಲೂ ಉಳಿದರೆ ಅದನ್ನು ಮೇಲ್‌ನಲ್ಲಿ ಬೇರೆ ಸಾಲಾಗಿ ತೋರಿಸಿ. ಸುಮ್ನೆ ಯಾವುದೋ ಹಳೇ ಬಿಲ್ಲಿಗೆ ಹಾಕಿ ಮುಗಿಸಬೇಡಿ. ಪಾರ್ಟಿ ಆ ಹಳೇ ಬಿಲ್ಲಿನ ಮೇಲೆ ತಕರಾರು ಮಾಡಿ ಬೇಕೆಂದೇ ತಡೆಹಿಡಿದಿರಬಹುದು. ನೀವು ಅದನ್ನು ಮುಚ್ಚಿಬಿಟ್ಟರೆ ತಕರಾರು ಪುಸ್ತಕದಿಂದಲೇ ಮಾಯವಾಗುತ್ತದೆ.

ಎರಡನೆಯದು, ದಿನ ಎಲ್ಲಿಂದ ಎಣಿಸುತ್ತೀರಿ ಅನ್ನುವುದು. ಟ್ಯಾಲಿಯ `Receivables` ರಿಪೋರ್ಟಿನಲ್ಲಿ `F6` ಒತ್ತಿದರೆ ಬಿಲ್ ತಾರೀಖಿನಿಂದಲೋ ಡ್ಯೂ ಡೇಟಿನಿಂದಲೋ ಅಂತ ಆರಿಸಬಹುದು. ನಿಮ್ಮ ಕಂಟ್ರಾಕ್ಟರಿಗೆ 60 ದಿನದ ಉದ್ರಿ ಇರಬಹುದು, ಹೋಟೆಲಿಗೆ 30 ದಿನ ಇರಬಹುದು. ಬಿಲ್ ತಾರೀಖಿನಿಂದ ಎಣಿಸಿದರೆ ಇನ್ನೂ ಕೊಡುವ ದಿನವೇ ಬಾರದ ಬಿಲ್ಲು "31-60" ಅಂತ ಕೆಂಪಗೆ ಕಾಣುತ್ತದೆ. ವಸೂಲಿಯ ಮೇಲ್‌ಗೆ ಡ್ಯೂ ಡೇಟೇ ಸರಿ. ಆದರೂ ಬಿಲ್ ತಾರೀಖಿನ ಕಾಲಂ ಅಳಿಸಬೇಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಎಕ್ಸೆಲ್‌ನಲ್ಲಿ ಮಾಡುವುದಾದರೆ `TODAY()` ಬಳಸಬೇಡಿ. ಅದನ್ನು ಬಳಸಿದ ಹಳೇ ಫೈಲನ್ನು ಹದಿನೈದು ದಿನ ಬಿಟ್ಟು ತೆರೆದರೆ ಎಲ್ಲ ಅಂಕಿಯೂ ಬದಲಾಗಿರುತ್ತದೆ, ಹೋದ ವಾರದ ಜೊತೆ ಹೋಲಿಸಲು ಏನೂ ಉಳಿಯುವುದಿಲ್ಲ. ಒಂದು ಸೆಲ್‌ನಲ್ಲಿ ಲೆಕ್ಕದ ತಾರೀಖು ಕೈಯಾರೆ ಟೈಪ್ ಮಾಡಿ. ಅದು H1 ಆಗಿರಲಿ, ಡ್ಯೂ ಡೇಟ್ C ಕಾಲಂನಲ್ಲಿರಲಿ. ಮೊದಲ ಸೂತ್ರ D2ಗೆ, ಎರಡನೆಯದು ಪಕ್ಕದ ಸೆಲ್‌ಗೆ:

```
=$H$1-C2
=IF(D2<=0,"ದಿನ ಬಂದಿಲ್ಲ",IF(D2<=30,"30ರೊಳಗೆ",IF(D2<=60,"60ರೊಳಗೆ",IF(D2<=90,"90ರೊಳಗೆ","90 ದಾಟಿದ್ದು"))))
```

ಈಗ ಅಸಲು ವಿಷಯ. ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಅಂಕಿಗಳು ಕಲ್ಪನೆಯವು, ಆದರೆ ನಿಮ್ಮಂಥ ಕಂಪನಿಯಲ್ಲಿ ಕಾಣುವ ಬಗೆಯವೇ. ಜುಲೈ 12, ಶನಿವಾರ ಸಂಜೆಯ ಲೆಕ್ಕ ಅಂದುಕೊಳ್ಳಿ. ಡ್ಯೂ ದಿನ ದಾಟಿದ ಬಾಕಿ, ಲಕ್ಷದಲ್ಲಿ:

| ಎಷ್ಟು ದಿನ ದಾಟಿದೆ | ಹೋದ ವಾರ | ಈ ವಾರ |
|---|---|---|
| 1-30 | 9.2 | 8.4 |
| 31-60 | 6.0 | 5.1 |
| 61-90 | 3.1 | 4.6 |
| 90 ದಾಟಿದ್ದು | 4.0 | 4.2 |
| ಒಟ್ಟು | 22.3 | 22.3 |

ಒಟ್ಟು ಮಾತ್ರ ನೋಡಿದರೆ ಈ ವಾರ ಏನೂ ಆಗಿಲ್ಲ. ಆದರೆ ಒಳಗೆ ಬೇಕಾದಷ್ಟು ಆಗಿದೆ. 60 ದಿನ ದಾಟಿದ ಹಣ 7.1 ಲಕ್ಷ ಇದ್ದದ್ದು 8.8 ಲಕ್ಷ ಆಗಿದೆ. ಬಿಲ್ಲು ಹಿಡಿದು ನೋಡಿದರೆ, ಒಂದೇ ಹೋಟೆಲಿನ 1.7 ಲಕ್ಷದ ಬಿಲ್ಲು 60 ದಿನದ ಗೆರೆ ದಾಟಿದೆ.

ಇನ್ನೂ ಒಂದು ಸಂಗತಿ ಇದೆ, ಇದು ಟ್ಯಾಲಿಯ ರಿಪೋರ್ಟಿನಲ್ಲಿ ನೇರವಾಗಿ ಕಾಣುವುದಿಲ್ಲ. ಆ ವಾರ 2.5 ಲಕ್ಷ ವಸೂಲಿಯಾಗಿದೆ, ಹೊಸದಾಗಿ 2.5 ಲಕ್ಷದ ಬಿಲ್ಲುಗಳು ಡ್ಯೂ ಆಗಿವೆ. ವಸೂಲಾದದ್ದು ಯಾವ ಸಾಲಿನಿಂದ ಅಂತ ಹುಡುಕಿದರೆ ಅಷ್ಟೂ 1-30 ದಿನದ ಬಿಲ್ಲುಗಳಿಂದ. ಅವರು ನೀವು ಫೋನ್ ಮಾಡದಿದ್ದರೂ ಕೊಡುತ್ತಿದ್ದ ಜನ. ಹಳೇ ಬಾಕಿಯಿಂದ ಒಂದು ಪೈಸೆಯೂ ಬಂದಿಲ್ಲ. ಅಂದರೆ ವಾರವಿಡೀ ಮಾಡಿದ ಫಾಲೋ-ಅಪ್ ಹೋಗಬೇಕಾದ ಕಡೆ ಹೋಗಿಲ್ಲ. ಫೈನಾನ್ಸ್ ಹೆಡ್‌ಗೆ ಇದು ಗೊತ್ತಾಗಬೇಕು, ನಿಮಗೆ ಹೇಳಲು ಸ್ವಲ್ಪ ಮುಜುಗರ ಆದರೂ ಸರಿ. ಇದಕ್ಕಾಗಿ ವಸೂಲಾದ ಪ್ರತಿ ಬಿಲ್ಲಿನ ಎದುರು ಹೋದ ವಾರ ಅದು ಯಾವ ಸಾಲಿನಲ್ಲಿತ್ತು ಅಂತ ಬರೆದಿಟ್ಟುಕೊಳ್ಳಿ. ಹೋದ ವಾರದ ಶೀಟು ಹಾಗೇ ಇದ್ದರೆ ಹತ್ತು ನಿಮಿಷದ ಕೆಲಸ.

ಇನ್ನು ಯಾರ ಹಿಂದೆ ಮೊದಲು ಅನ್ನುವ ಪ್ರಶ್ನೆ. ಬಹಳ ಜನ ಪಟ್ಟಿಯನ್ನು ಹಳೆಯದರಿಂದ ಹೊಸತಕ್ಕೆ ಜೋಡಿಸಿ ಮೇಲಿನಿಂದ ಫೋನ್ ಮಾಡುತ್ತಾ ಬರುತ್ತಾರೆ. ಅದು ಸರಿಯಲ್ಲ. ಮೊದಲು ಕೇಳಿಕೊಳ್ಳಬೇಕಾದ್ದು, ಈ ಹಣ ಯಾಕೆ ನಿಂತಿದೆ? ದುಡ್ಡಿಲ್ಲವಾ, ದುಡ್ಡಿದ್ದೂ ಕೊಡುತ್ತಿಲ್ಲವಾ, ಕಾಗದಪತ್ರ ಎಲ್ಲೋ ಸಿಕ್ಕಿಕೊಂಡಿದೆಯಾ, ಅಥವಾ ಅದು ನಿಜವಾಗಿ ಬಾಕಿಯೇ ಅಲ್ಲವಾ? ಕಾರಣ ಬೇರೆಯಾದರೆ ಮದ್ದೂ ಬೇರೆ.

ಹೋಟೆಲನ್ನೇ ತೆಗೆದುಕೊಳ್ಳಿ. ಗೋಕರ್ಣದ್ದು, 1.7 ಲಕ್ಷ, ಡ್ಯೂ ಆದದ್ದು ಮೇ 9ಕ್ಕೆ, ಈಗ 64 ದಿನ. ಜೂನ್ 16ಕ್ಕೆ ಕೊಡುತ್ತೇವೆ ಅಂದರು, ಆಗಲಿಲ್ಲ. ಜುಲೈ 1 ಅಂದರು, ಅದೂ ಆಗಲಿಲ್ಲ. ಈ ನಡುವೆ ಜುಲೈ ಮೊದಲ ವಾರದಲ್ಲಿ 40 ಸಾವಿರದ ಹೊಸ ಸಾಮಾನು ಇಳಿಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ಪ್ರವಾಸಿಗರು ಕಡಿಮೆ, ಆದಾಯ ಕಡಿಮೆ, ಒಪ್ಪೋಣ. ಆದರೆ ಇದೇ ಸಮಯದಲ್ಲಿ ವೈರು, ಪೈಪು ತರಿಸುತ್ತಿದ್ದಾರೆ ಅಂದರೆ ಒಳಗೆ ರಿಪೇರಿ ನಡೆದಿದೆ. ಕೆಲಸದವರಿಗೆ ಕೂಲಿ ಹೋಗುತ್ತಿದೆ, ನಿಮಗೆ ಮಾತ್ರ ಬರುತ್ತಿಲ್ಲ. ದುಡ್ಡಿದ್ದೂ ಕೊಡದ ಪಾರ್ಟಿ ಇದು. ಇಲ್ಲಿ ಇನ್ನೊಂದು ಫೋನ್ ಮಾಡಿ ಪ್ರಯೋಜನವಿಲ್ಲ. ಸಪ್ಲೈ ನಿಲ್ಲಿಸಬೇಕಾ ಅನ್ನುವುದೇ ಪ್ರಶ್ನೆ, ಅದನ್ನು ತೀರ್ಮಾನಿಸುವ ಅಧಿಕಾರ ನಿಮಗಿಲ್ಲ. ಸೇಲ್ಸಿನವರು ಬೇಡ ಅನ್ನುತ್ತಾರೆ, ಅವರಿಗೆ ಟಾರ್ಗೆಟ್ ಇದೆ. ಆದ್ದರಿಂದ ಇದು ಮೇಲ್‌ನಲ್ಲಿ ಮೊದಲ ಸ್ಥಾನದಲ್ಲಿರಬೇಕು, 90 ದಾಟದಿದ್ದರೂ.

ಎರಡನೆಯದು ಕಾರವಾರದ ಕಂಟ್ರಾಕ್ಟರು, 2.6 ಲಕ್ಷ. ಬಿಲ್ ತಾರೀಖು ಜನವರಿ 29, ಉದ್ರಿ 60 ದಿನ, ಡ್ಯೂ ಮಾರ್ಚ್ 30. ಈಗ 104 ದಿನ ದಾಟಿದೆ. ಬಿಲ್ ತಾರೀಖು ಅಳಿಸಬೇಡಿ ಅಂದದ್ದು ಇದಕ್ಕೇ. ಜಿಎಸ್‌ಟಿ ಕಾನೂನಿನ ಪ್ರಕಾರ ಸಾಮಾನು ಕೊಂಡವರು ಬಿಲ್ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ, ಆ ಬಿಲ್ಲಿನ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಜನವರಿ 29ಕ್ಕೆ 180 ದಿನ ಸೇರಿಸಿದರೆ ಜುಲೈ 28. ಅಂದರೆ 16 ದಿನ ಉಳಿದಿದೆ. ಶೇಕಡಾ 18ರ ಬಿಲ್ಲಾದರೆ 2.6 ಲಕ್ಷದಲ್ಲಿ ತೆರಿಗೆ ಸುಮಾರು 40 ಸಾವಿರ. ಇದನ್ನು ಮಾಲೀಕರಿಗೆ ಹೇಳಿದರೆ "ನೋಡ್ವ" ಅಂತ ಸುಮ್ಮನಾಗುತ್ತಾರೆ. ಅವರ ಅಕೌಂಟೆಂಟಿಗೆ ಹೇಳಿ. ರಿಟರ್ನ್ ಹಾಕುವವರು ಅವರು, ಬಿಸಿ ತಟ್ಟುವುದೂ ಅವರಿಗೇ. ಬೆದರಿಕೆಯ ಧಾಟಿ ಬೇಡ. "28ಕ್ಕೆ 180 ದಿನ ಆಗ್ತದೆ, ನಿಮ್ಮ ಕ್ರೆಡಿಟ್ ವಾಪಸ್ ಮಾಡೋ ಹಾಗಾಗಬಾರದು ಅಂತ ನೆನಪು ಮಾಡಿದೆ" ಅಂದರೆ ಸಾಕು.

ಈ ಅಸ್ತ್ರಕ್ಕೂ ಮಿತಿ ಇದೆ. ಅವರು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಇನ್‌ಪುಟ್ ಕ್ರೆಡಿಟ್ಟೇ ಇರುವುದಿಲ್ಲ, ಹೇಳಿ ಉಪಯೋಗವಿಲ್ಲ. ಮತ್ತೆ, ಆಮೇಲೆ ಯಾವಾಗ ಹಣ ಕೊಟ್ಟರೂ ಅವರು ಕ್ರೆಡಿಟ್ಟನ್ನು ಮರಳಿ ಪಡೆಯಬಹುದು. ಹಾಗಾಗಿ 28 ದಾಟಿದ ಮೇಲೆ ಈ ಮಾತಿಗೆ ಅರ್ಧ ತೂಕ ಹೋಗುತ್ತದೆ. ಮಾತಾಡಬೇಕಾದ್ದು ಈ ವಾರವೇ.

ಎಂಎಸ್‌ಎಂಇ 45 ದಿನದ ನಿಯಮ ಹೇಳಿ ಹೆದರಿಸಬಹುದಲ್ಲ ಅಂತ ಯಾರಾದರೂ ನಿಮಗೆ ಹೇಳಿರಬಹುದು. ತಯಾರಕರಿಗೆ, ಸೇವೆ ಕೊಡುವವರಿಗೆ ಅದು ಒಳ್ಳೆಯ ದಾರಿ. ನೀವು ಕೊಂಡು ಮಾರುವವರು. ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಗುವುದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ, ತಡವಾದ ಹಣದ ಮೇಲಿನ ಹಕ್ಕಿಗಲ್ಲ. ಕಂಟ್ರಾಕ್ಟರಿನ ಸಿಎಗೆ ಇದು ಗೊತ್ತಿರುತ್ತದೆ. ಸುಮ್ನೆ ಪತ್ರ ಬರೆದು ಮರ್ಯಾದೆ ಕಳೆದುಕೊಳ್ಳಬೇಡಿ.

ಮೂರನೆಯದು ಸರ್ಕಾರಿ ಕಚೇರಿ, 1.1 ಲಕ್ಷ, 90 ದಾಟಿದೆ. ಇಲ್ಲಿ ದುಡ್ಡಿನ ಪ್ರಶ್ನೆಯೂ ಇಲ್ಲ, ಮನಸ್ಸಿನ ಪ್ರಶ್ನೆಯೂ ಇಲ್ಲ. ಬಿಲ್ಲಿನ ಜೊತೆ ಸಾಮಾನು ತಲುಪಿದ ಸಹಿ ಇರುವ ಡೆಲಿವರಿ ಚಲನ್ ಇಲ್ಲ, ಅದಕ್ಕೆ ಫೈಲು ಟೇಬಲ್ ಮೇಲೆ ನಿಂತಿದೆ. ಫೋನಿನಲ್ಲಿ ಇದು ಬಗೆಹರಿಯುವುದಿಲ್ಲ. ನಿಮ್ಮ ಡ್ರೈವರಿನ ಹತ್ತಿರ ಇರುವ ಸಹಿ ಪ್ರತಿ ಹುಡುಕಿ, ಒಬ್ಬರು ಅದನ್ನು ಹಿಡಿದು ಹೋಗಿ ಇನ್‌ವರ್ಡ್ ಸೀಲು ಹಾಕಿಸಿಕೊಂಡು ಬರಬೇಕು. ಇದಕ್ಕೆ ಸರ್ ಏನೂ ಮಾಡಬೇಕಿಲ್ಲ. ಮೇಲ್‌ನಲ್ಲಿ ಯಾರು, ಯಾವ ದಿನ ಹೋಗುತ್ತಾರೆ ಅನ್ನುವ ಒಂದು ಸಾಲು ಸಾಕು.

90 ದಾಟಿದ್ದರಲ್ಲಿ ಇನ್ನುಳಿದ 50 ಸಾವಿರ ಹದಿನಾಲ್ಕು ಚಿಲ್ಲರೆ ಬಾಕಿ. ತೆಗೆದು ನೋಡಿದರೆ ಬಹುಪಾಲು ಬಿಲ್ಲಿನ ತೆರಿಗೆ ಬಿಟ್ಟ ಮೊತ್ತದ ಸರಿಯಾಗಿ ಶೇಕಡಾ 2. ಹೀಗೆ ಲೆಕ್ಕ ಕೂಡಿ ಬಂದರೆ ಅದು ಬಾಕಿಯಲ್ಲ, ಟಿಡಿಎಸ್. ಫಿಟ್ಟಿಂಗ್ ಕೆಲಸದ ಬಿಲ್ಲಿಗೆ ಪಾರ್ಟಿ ಆದಾಯ ತೆರಿಗೆಯ ಟಿಡಿಎಸ್ ಹಿಡಿದಿರಬಹುದು, ಸರ್ಕಾರಿ ಕಚೇರಿ ಎರಡೂವರೆ ಲಕ್ಷ ಮೀರಿದ ಕಾಂಟ್ರಾಕ್ಟಿಗೆ ಜಿಎಸ್‌ಟಿ ಟಿಡಿಎಸ್ ಹಿಡಿದಿರಬಹುದು. ಮೊದಲನೆಯದು 26AS ನಲ್ಲಿ ಸಿಗುತ್ತದೆ, ಎರಡನೆಯದು ಜಿಎಸ್‌ಟಿ ಪೋರ್ಟಲ್ಲಿನಲ್ಲಿ. ಅಲ್ಲಿ ಕಂಡರೆ ಜರ್ನಲ್ ಹಾಕಿ ಬಿಲ್ಲು ಮುಚ್ಚಿ. ಅಲ್ಲೂ ಇಲ್ಲದಿದ್ದರೆ ಪಾರ್ಟಿ ಹಿಡಿದುಕೊಂಡು ಕಟ್ಟಿಲ್ಲದಿರಬಹುದು, ಆಗ ಕೇಳಬೇಕು. ಇದನ್ನು ಒಮ್ಮೆ ಕೂತು ಸ್ವಚ್ಛ ಮಾಡಿದರೆ 90ರ ಸಾಲು ನಿಜಕ್ಕೂ ಅಪಾಯದ ಸಾಲಾಗಿ ಉಳಿಯುತ್ತದೆ.

ಕೊನೆಗೆ ಅಂಕೋಲಾ ಕಡೆಯ ಐಸ್ ಪ್ಲಾಂಟ್, 1.4 ಲಕ್ಷ, 48 ದಿನ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ಹೋಗದಿದ್ದರೆ ಐಸು ಯಾರಿಗೆ? ಈಗ ವಾರಕ್ಕೆರಡು ಸಲ ಫೋನ್ ಮಾಡಿದರೆ ಸಂಬಂಧ ಕೆಡುತ್ತದೆ, ಹಣ ಬರುವುದಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಕೂತವರಿಗೆ ಇದು ಹೊಳೆಯದೇ ಇರಬಹುದು, ಬರೆಯಬೇಕು. ಜೊತೆಗೆ, ಈ ಬಿಲ್ಲು ಜುಲೈ 25ಕ್ಕೆ 60 ದಾಟುತ್ತದೆ ಅಂತ ಈಗಲೇ ಹೇಳಿಬಿಡಿ. ಇಲ್ಲದಿದ್ದರೆ ಎರಡು ವಾರ ಬಿಟ್ಟು "ಇದ್ಯಾಕೆ ಹೀಗಾಯ್ತು" ಅಂತ ಫೋನ್ ಬರುತ್ತದೆ. ಆಗಸ್ಟ್ ಮಧ್ಯಕ್ಕೆ ಒಂದು ತಾರೀಖು ಪಾರ್ಟಿಯಿಂದ ಈಗಲೇ ಬರಹದಲ್ಲಿ ತೆಗೆದುಕೊಳ್ಳಿ, ವಾಟ್ಸಾಪ್ ಆದರೂ ಪರವಾಗಿಲ್ಲ. ಆ ತಾರೀಖೂ ತಪ್ಪಿದರೆ ಮಳೆಗಾಲದ ನೆಪ ಮುಗಿದಿರುತ್ತದೆ.

ಇಷ್ಟನ್ನು ಮೇಲ್‌ನಲ್ಲಿ ಹಾಕಿದರೆ ಹೀಗಿರುತ್ತದೆ:

> ವಿಷಯ: ಬಾಕಿ, ಜುಲೈ 12: ಒಟ್ಟು 22.3 ಲಕ್ಷ (ಅಷ್ಟೇ ಇದೆ), 60 ದಿನ ದಾಟಿದ್ದು 1.7 ಲಕ್ಷ ಜಾಸ್ತಿ
>
> ಸರ್,
>
> ಒಟ್ಟು ಬಾಕಿ ಬದಲಾಗಿಲ್ಲ. ಆದರೆ 60 ದಿನ ದಾಟಿದ್ದು 7.1ರಿಂದ 8.8 ಲಕ್ಷಕ್ಕೆ ಏರಿದೆ. ವಾರದ ವಸೂಲಿ 2.5 ಲಕ್ಷ, ಪೂರ್ತಿ 30 ದಿನದೊಳಗಿನ ಬಿಲ್ಲುಗಳಿಂದ. ಹಳೆಯದರಿಂದ ಏನೂ ಬಂದಿಲ್ಲ.
>
> ನಿಮ್ಮ ತೀರ್ಮಾನ ಬೇಕು: ಗೋಕರ್ಣದ ಹೋಟೆಲ್, 1.7 ಲಕ್ಷ, 64 ದಿನ. ಎರಡು ಸಲ ಮಾತು ತಪ್ಪಿದೆ, ಮೊನ್ನೆಯೂ 40 ಸಾವಿರದ ಮಾಲು ಹೋಗಿದೆ. ಅರ್ಧ ಹಣ ಬರುವವರೆಗೆ ಸಪ್ಲೈ ನಿಲ್ಲಿಸಲೇ? ಬುಧವಾರದೊಳಗೆ ತಿಳಿಸಿದರೆ ಗುರುವಾರದ ಲೋಡು ತಡೆಯಬಹುದು.
>
> ನಾವು ಮಾಡುತ್ತಿರುವುದು: ಕಂಟ್ರಾಕ್ಟರ್, 2.6 ಲಕ್ಷ, 104 ದಿನ. ಜುಲೈ 28ಕ್ಕೆ ಜಿಎಸ್‌ಟಿಯ 180 ದಿನ ಆಗುತ್ತದೆ. ಇವತ್ತೇ ಅವರ ಅಕೌಂಟೆಂಟ್ ಜೊತೆ ಮಾತು. ಸರ್ಕಾರಿ ಕಚೇರಿ, 1.1 ಲಕ್ಷ: ಸಹಿ ಚಲನ್ ಮಂಗಳವಾರ ಕೊಟ್ಟು ಬರುತ್ತೇವೆ.
>
> ಕಾಯುತ್ತಿರುವುದು: ಐಸ್ ಪ್ಲಾಂಟ್, 1.4 ಲಕ್ಷ. ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ 16ಕ್ಕೆ ಕೊಡುವುದಾಗಿ ಬರೆದುಕೊಟ್ಟಿದ್ದಾರೆ. ಜುಲೈ 25ಕ್ಕೆ ಇದು 60 ದಾಟುತ್ತದೆ.
>
> ಹೊಂದಿಕೆಯಾಗದ ರಸೀದಿ: 60 ಸಾವಿರ, ಪಾರ್ಟಿಯನ್ನು ಕೇಳಿದ್ದೇವೆ. ಬಿಲ್‌ವಾರು ಪಟ್ಟಿ ಲಗತ್ತಿಸಿದೆ.

ಇದರ ಕೆಳಗೆ ಮೇಲಿನ ಐದು ಸಾಲಿನ ಕೋಷ್ಟಕ ಅಂಟಿಸಿ. ಫೋನಿನಲ್ಲಿ ಓದಿದರೂ ಮೊದಲ ಪರದೆಯಲ್ಲೇ ಪ್ರಶ್ನೆ ಕಾಣಬೇಕು. ಗಮನಿಸಿ, ಪ್ರಶ್ನೆಗೆ ಒಂದು ಗಡುವಿದೆ, ಗಡುವಿಗೆ ಕಾರಣವೂ ಇದೆ. "ದಯವಿಟ್ಟು ಸೂಚಿಸಿ" ಅಂತ ಬಿಟ್ಟರೆ ಉತ್ತರ ಬರುವ ಹೊತ್ತಿಗೆ ಲೋಡು ಹೋಗಿರುತ್ತದೆ.

"ಪಾರ್ಟಿ ಜೊತೆ ಮಾತಾಡಿದ್ದೇವೆ" ಅನ್ನುವ ಸಾಲು ಮೇಲ್‌ನಲ್ಲಿ ಎಲ್ಲೂ ಬರಬಾರದು. ಯಾರು ಮಾತಾಡಿದರು, ಆ ಕಡೆ ಯಾರು, ಎಷ್ಟು ಕೊಡುತ್ತಾರೆ, ಯಾವ ತಾರೀಖಿಗೆ ಅನ್ನುವುದು ಬೇಕು. ಅಟ್ಯಾಚ್‌ಮೆಂಟಿನ ಶೀಟಿನಲ್ಲಿ ಪಾರ್ಟಿ ಕೊಟ್ಟ ತಾರೀಖಿಗೆ ಒಂದು ಕಾಲಂ ಇಡಿ, ಹಳೇ ತಾರೀಖು ಅಳಿಸದೆ ಹೊಸತನ್ನು ಪಕ್ಕದಲ್ಲಿ ಬರೆಯಿರಿ. ಒಂದೇ ಪಾರ್ಟಿಯ ಎದುರು ಮೂರು ತಾರೀಖು ಕಂಡರೆ ಅದು 20 ದಿನದ ಬಾಕಿ ಆಗಿದ್ದರೂ ಮೇಲಕ್ಕೆ ಬರಬೇಕು. ದಿನಗಳ ಲೆಕ್ಕಕ್ಕಿಂತ ಬೇಗ ಇದು ಗುಟ್ಟು ಬಿಟ್ಟುಕೊಡುತ್ತದೆ.

ಒಂದು ಬಿಲ್ಲು ವರ್ಷ ದಾಟಿದರೆ ಅದನ್ನು ವಾರದ ಮೇಲ್‌ನಿಂದ ತೆಗೆದು ಬೇರೆ ಪಟ್ಟಿಗೆ ಹಾಕಿ. ಪ್ರತಿ ಸೋಮವಾರ ಅದೇ ಹೆಸರು ಓದಿ ಸರ್‌ಗೆ ಕಣ್ಣು ಜಾರುವುದು ಅಭ್ಯಾಸವಾಗುತ್ತದೆ. ಆದರೆ ಆ ಪಟ್ಟಿಯನ್ನು ಮರೆಯುವ ಹಾಗಿಲ್ಲ. ಮಾರಿದ ಸಾಮಾನಿನ ಹಣಕ್ಕೆ ದಾವೆ ಹಾಕಲು ಇರುವ ಕಾಲ ಮೂರು ವರ್ಷ. ಉದ್ರಿ ದಿನ ಗೊತ್ತುಮಾಡಿದ್ದರೆ ಆ ದಿನ ಮುಗಿದಲ್ಲಿಂದ ಲೆಕ್ಕ. ಅಷ್ಟರೊಳಗೆ ಪಾರ್ಟಿ ಬಾಕಿ ಒಪ್ಪಿ ಸಹಿ ಹಾಕಿದರೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ಮೌಖಿಕ ಒಪ್ಪಿಗೆಗೆ ಬೆಲೆ ಇಲ್ಲ. ಹಾಗಾಗಿ ಪ್ರತಿ ಮಾರ್ಚ್ ಕೊನೆಗೆ ಆ ಪಟ್ಟಿಯ ಎಲ್ಲರಿಗೂ ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ ಕಳಿಸಿ, ಸೀಲು ಸಹಿಯ ಪ್ರತಿ ವಾಪಸ್ ತರಿಸಿ ಫೈಲಿನಲ್ಲಿಡಿ. ಸಹಿ ಹಾಕಲು ಒಪ್ಪದ ಪಾರ್ಟಿಯ ಹೆಸರನ್ನು ಸೋಮವಾರದವರೆಗೆ ಕಾಯದೆ ಅಂದೇ ಸರ್‌ಗೆ ತಿಳಿಸಿ, ಅದು ವಕೀಲರ ಹತ್ತಿರ ಹೋಗಬೇಕಾದ ಬಿಲ್ಲು.